ಸತ್ತವನು ಮೊದಲೇ ರೋಗಿಯಾಗಿದ್ದರೆ ಕೊಂದವರು ಯಾರು?

1875ರ ಒಂದು ಭಾನುವಾರ ಬೆಳಿಗ್ಗೆ. ಆಗ್ರಾದಲ್ಲಿ ವಕೀಲನಾಗಿದ್ದ ಫುಲ್ಲರ್ ಎಂಬ ಇಂಗ್ಲಿಷಿನವನು ಸಂಸಾರ ಸಮೇತ ಚರ್ಚಿಗೆ ಹೊರಟಿದ್ದ. ಸಾರೋಟು ಬಾಗಿಲಿಗೆ ಬಂದು ನಿಂತಿತ್ತು. ಕುದುರೆ ನೋಡಿಕೊಳ್ಳುವ ಕತ್ವಾರೂ ಮಾತ್ರ ಹೊತ್ತಿಗೆ ಸರಿಯಾಗಿ ಹಾಜರಿರಲಿಲ್ಲ. ಸಿಟ್ಟಿಗೆದ್ದ ಫುಲ್ಲರ್ ಅವನ ತಲೆಗೂ ಮುಖಕ್ಕೂ ಅಂಗೈಯಿಂದ ಹೊಡೆದ, ಕೂದಲು ಹಿಡಿದು ಎಳೆದ. ಕತ್ವಾರೂ ನೆಲಕ್ಕೆ ಬಿದ್ದ. ಸಾರೋಟು ಚರ್ಚಿನ ಕಡೆ ಹೊರಟುಹೋಯಿತು. ಬಿದ್ದವನು ಎದ್ದು ಪಕ್ಕದ ಮನೆಯ ಆವರಣದವರೆಗೆ ನಡೆದ, ಸ್ವಲ್ಪ ಹೊತ್ತಿನಲ್ಲೇ ಅಲ್ಲಿ ಸತ್ತ.

ಮರಣೋತ್ತರ ಪರೀಕ್ಷೆ ಮಾಡಿದಾಗ ಗುಲ್ಮ ಒಡೆದಿರುವುದು ಕಂಡಿತು. ಹಳ್ಳಿಯ ಕಡೆ ಜನ ‘ಗುಲ್ಮಗಡ್ಡೆ’ ಎಂದು ಹೇಳುವ ಈ ಅಂಗ ಹೊಟ್ಟೆಯ ಎಡಭಾಗದಲ್ಲಿ ಪಕ್ಕೆಲುಬುಗಳ ಮರೆಯಲ್ಲಿರುತ್ತದೆ. ಆರೋಗ್ಯವಂತರಲ್ಲಿ ಅದರ ತೂಕ ಸುಮಾರು 150 ಗ್ರಾಂ. ಮತ್ತೆ ಮತ್ತೆ ಮಲೇರಿಯಾ ಬಂದವರಲ್ಲಿ ಅದು ಕಿಲೋ ತೂಗುವಷ್ಟು ಊದಿಕೊಂಡು ಪಕ್ಕೆಲುಬಿನ ಕಾವಲು ದಾಟಿ ಹೊಟ್ಟೆಯೊಳಕ್ಕೆ ಇಳಿಯುತ್ತದೆ. ಹೊರಪೊರೆ ತೆಳುವಾಗುತ್ತದೆ, ಒಳಗೆ ರಕ್ತ ತುಂಬಿಕೊಂಡಿರುತ್ತದೆ. ಅಂಥ ಗುಲ್ಮ ಒಡೆಯಲು ಗುದ್ದೇ ಬೇಕೆಂದಿಲ್ಲ, ಜೋರಾಗಿ ಬಿದ್ದರೂ ಸಾಕು. ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಇಂಥ ಹೊಟ್ಟೆ ಹೊತ್ತು ದುಡಿಯುತ್ತಿದ್ದವರಿಗೆ ಲೆಕ್ಕವಿರಲಿಲ್ಲ.

ಜಂಟಿ ಮ್ಯಾಜಿಸ್ಟ್ರೇಟ್ ಲೀಡ್ಸ್ ವಿಚಾರಣೆ ನಡೆಸಿ, ಸ್ವಇಚ್ಛೆಯಿಂದ ಗಾಯಪಡಿಸಿದ ಅಪರಾಧಕ್ಕೆ 30 ರೂಪಾಯಿ ದಂಡ ಹಾಕಿದ. ಆ ಹಣ ಕತ್ವಾರೂವಿನ ಹೆಂಡತಿಗೆ ಹೋಯಿತು. ಒಂದು ಜೀವಕ್ಕೆ ಮೂವತ್ತು ರೂಪಾಯಿ! ಹೊಸದಾಗಿ ಬಂದಿದ್ದ ವೈಸ್‌ರಾಯ್ ಲಾರ್ಡ್ ಲಿಟ್ಟನ್ ಕಡತ ಓದಿ ಕೆರಳಿದ. 1876ರ ಜುಲೈನಲ್ಲಿ ಪ್ರಕಟವಾದ ಅವನ ಟಿಪ್ಪಣಿ ಲೀಡ್ಸ್‌ಗೆ ಛೀಮಾರಿ ಹಾಕಿ, ಅವನ ತಿಳಿವಳಿಕೆ ಸುಧಾರಿಸುವವರೆಗೆ ತಾತ್ಕಾಲಿಕವಾಗಿಯೂ ಒಂದು ಜಿಲ್ಲೆಯ ಸ್ವತಂತ್ರ ಹೊಣೆ ಕೊಡಬಾರದೆಂದಿತು. ಇಲ್ಲಿನ ಬಿಳಿಯರ ಪತ್ರಿಕೆಗಳು ವೈಸ್‌ರಾಯ್ ಮೇಲೆಯೇ ಹರಿಹಾಯ್ದವು.

ವರ್ಣದ ರಾಜಕಾರಣವನ್ನು ಒಂದು ಗಳಿಗೆ ಬದಿಗಿಟ್ಟರೆ ಈ ಪ್ರಕರಣದಲ್ಲಿ ಇಂದಿಗೂ ನಮ್ಮ ಸೆಷನ್ಸ್ ನ್ಯಾಯಾಲಯಗಳಲ್ಲಿ ಕೇಳಿಬರುವ ಪ್ರಶ್ನೆಯೊಂದಿದೆ. ಆರೋಗ್ಯವಂತನಿಗೆ ಬಿದ್ದಿದ್ದರೆ ಕೆನ್ನೆ ಉರಿದು ಮುಗಿಯುತ್ತಿದ್ದ ಏಟು ರೋಗಿಯೊಬ್ಬನ ಪ್ರಾಣ ತೆಗೆದರೆ ಆ ಸಾವಿನ ಹೊಣೆ ಯಾರದು? ಹೊಡೆದವನದೋ, ರೋಗದ್ದೋ?

ಎರಡು ಪ್ರಶ್ನೆ, ಎರಡು ಉತ್ತರ

ಸಾವು ಸಂಭವಿಸಿದ ಯಾವುದೇ ಹೊಡೆದಾಟದ ಪ್ರಕರಣದಲ್ಲಿ ನ್ಯಾಯಾಲಯ ಎರಡು ಪ್ರಶ್ನೆಗಳನ್ನು ಒಂದರ ನಂತರ ಒಂದು ಕೇಳಿಕೊಳ್ಳುತ್ತದೆ. ಆರೋಪಿಯ ಕೃತ್ಯದಿಂದಲೇ ಸಾವು ಸಂಭವಿಸಿತೇ ಎಂಬುದು ಮೊದಲನೆಯದು. ಹೌದು ಎಂದಾದರೆ, ಆ ಕೃತ್ಯ ಮಾಡುವಾಗ ಅವನ ಮನಸ್ಸಿನಲ್ಲಿ ಏನಿತ್ತು, ಅವನಿಗೆ ಏನು ಗೊತ್ತಿತ್ತು ಎಂಬುದು ಎರಡನೆಯದು. 1976ರ ಪುನ್ನಯ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಕ್ರಮವನ್ನು ಹಂತ ಹಂತವಾಗಿ ಬಿಡಿಸಿ ಹೇಳಿತು. ಮೊದಲ ಮೆಟ್ಟಿಲಲ್ಲೇ ಉತ್ತರ ‘ಇಲ್ಲ’ ಎಂದಾದರೆ ಕೊಲೆಯ ಮಾತೂ ಇಲ್ಲ, ನರಹತ್ಯೆಯ ಮಾತೂ ಇಲ್ಲ.

ಮೊದಲ ಪ್ರಶ್ನೆಗೆ ಸರಳ ಪರೀಕ್ಷೆಯೊಂದಿದೆ. ಆರೋಪಿಯ ಕೃತ್ಯವನ್ನು ಘಟನೆಯಿಂದ ತೆಗೆದುಹಾಕಿ ನೋಡುವುದು. ಆಗಲೂ ಆ ಮನುಷ್ಯ ಅದೇ ರೀತಿ, ಅದೇ ಹೊತ್ತಿಗೆ ಸಾಯುತ್ತಿದ್ದನೇ? 1910ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಮಾನವಾದ ವೈಟ್ ಪ್ರಕರಣದಲ್ಲಿ ಮಗನೊಬ್ಬ ತಾಯಿಯ ಪಾನೀಯಕ್ಕೆ ಸೈನೈಡ್ ಬೆರೆಸಿದ್ದ. ತಾಯಿ ಸತ್ತಳು. ಆದರೆ ಸಾವಿಗೆ ಕಾರಣ ಹೃದಯಾಘಾತ. ಹೊಟ್ಟೆಗೆ ಹೋಗಿದ್ದ ವಿಷ ಕೊಲ್ಲುವಷ್ಟಿರಲಿಲ್ಲ. ಮಗನಿಗೆ ಕೊಲೆಯತ್ನಕ್ಕೆ ಶಿಕ್ಷೆಯಾಯಿತು, ಕೊಲೆಗಲ್ಲ. ಅವನ ಮನಸ್ಸು ಕೊಲೆಗಾರನದೇ ಆಗಿದ್ದರೂ ಸಾವು ಅವನ ಕೈಯಿಂದ ಬಂದದ್ದಲ್ಲ.

ಕತ್ವಾರೂವಿನ ವಿಷಯದಲ್ಲಿ ಈ ಪರೀಕ್ಷೆ ಬೇರೆ ಉತ್ತರ ಕೊಡುತ್ತದೆ. ಫುಲ್ಲರ್ ಹೊಡೆಯದೇ ಇದ್ದಿದ್ದರೆ ಅವನು ಆ ದಿನ ಸಾಯುತ್ತಿರಲಿಲ್ಲ. ಊದಿದ ಗುಲ್ಮ ಹೊತ್ತುಕೊಂಡೇ ಇನ್ನೂ ಹತ್ತು ವರ್ಷ ಬದುಕುತ್ತಿದ್ದನೋ ಏನೋ. ಹೀಗಿರುವಾಗ ‘ಅವನು ಮೊದಲೇ ರೋಗಿ’ ಎನ್ನುವುದು ತಕರಾರಾಗಿ ನಿಲ್ಲುವುದಿಲ್ಲ. ನಿನ್ನ ಎದುರಿಗೆ ಸಿಕ್ಕವನು ಹೇಗಿದ್ದಾನೋ ಹಾಗೆಯೇ ಅವನ ಹೊಣೆ ನಿನ್ನದು, ಅವನ ತಲೆಬುರುಡೆ ಮೊಟ್ಟೆಯ ಚಿಪ್ಪಿನಷ್ಟು ತೆಳುವಾಗಿದ್ದರೆ ಅದು ನಿನ್ನ ಗ್ರಹಚಾರ ಎನ್ನುವ ಈ ನಿಯಮಕ್ಕೆ ವಕೀಲರು ‘ಎಗ್‌ಶೆಲ್ ಸ್ಕಲ್’ ಸೂತ್ರ ಎನ್ನುತ್ತಾರೆ.

ನಮ್ಮಲ್ಲಿ ಇದು ಬರೀ ನ್ಯಾಯಾಧೀಶರು ಕಟ್ಟಿದ ಸೂತ್ರವಲ್ಲ, ಕಾಯ್ದೆಯಲ್ಲೇ ಬರೆದಿದೆ. 1860ರ ದಂಡ ಸಂಹಿತೆಯ 299ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 100ನೆಯ ಕಲಮಾಗಿ ಮುಂದುವರಿದಿದೆ. ಅದರ ಒಂದನೆಯ ವಿವರಣೆಯ ಸಾರ ಇಷ್ಟು: ರೋಗದಿಂದಲೋ ದೇಹದ ದೌರ್ಬಲ್ಯದಿಂದಲೋ ನರಳುತ್ತಿರುವವನಿಗೆ ಗಾಯ ಮಾಡಿ ಅವನ ಸಾವನ್ನು ಹತ್ತಿರ ತಂದವನು ಆ ಸಾವನ್ನು ಉಂಟುಮಾಡಿದವನೇ ಎಂದು ಭಾವಿಸಬೇಕು. ನಾಳೆ ಸಾಯಲಿದ್ದವನನ್ನು ಇಂದು ಸಾಯುವಂತೆ ಮಾಡಿದರೂ ಸಾವು ನಿನ್ನದೇ ಲೆಕ್ಕಕ್ಕೆ.

ಹೊಣೆ ಪೂರ್ತಿ, ಅಪರಾಧ ಚಿಕ್ಕದು

ಹಾಗಾದರೆ ಫುಲ್ಲರ್‌ಗೆ ಕೊಲೆಯ ಶಿಕ್ಷೆ ಏಕಾಗಲಿಲ್ಲ? ಎರಡನೆಯ ಪ್ರಶ್ನೆ ಕೆಲಸ ಮಾಡುವುದು ಇಲ್ಲಿ.

ದಂಡನಾರ್ಹ ನರಹತ್ಯೆ ಎನಿಸಿಕೊಳ್ಳಲು ಸಾವು ಸಂಭವಿಸಿದರೆ ಸಾಲದು. ಕೊಲ್ಲುವ ಉದ್ದೇಶವಿರಬೇಕು, ಇಲ್ಲವೇ ಸಾವು ಬರಬಹುದಾದಂಥ ಗಾಯ ಮಾಡುವ ಉದ್ದೇಶವಿರಬೇಕು, ಅದೂ ಇಲ್ಲವೆಂದರೆ ತನ್ನ ಕೃತ್ಯದಿಂದ ಸಾವು ಬರುವ ಸಂಭವವಿದೆ ಎಂಬ ಅರಿವಾದರೂ ಇರಬೇಕು. ಕೆನ್ನೆಗೆ ಬಾರಿಸಿದವನಿಗೆ ಎದುರಿನವನ ಹೊಟ್ಟೆಯೊಳಗಿನ ಗುಲ್ಮದ ಸ್ಥಿತಿ ಗೊತ್ತಿಲ್ಲದಿದ್ದರೆ ಈ ಮೂರರಲ್ಲಿ ಒಂದೂ ಇರುವುದಿಲ್ಲ. ಅವನು ಮಾಡಬೇಕೆಂದುಕೊಂಡದ್ದು ನೋವು ಮಾತ್ರ. ಆದ್ದರಿಂದ ಅಪರಾಧವೂ ಅಷ್ಟಕ್ಕೇ ನಿಲ್ಲುತ್ತದೆ. ಅಲಹಾಬಾದ್ ಹೈಕೋರ್ಟ್ 1879ರ ಫಾಕ್ಸ್ ಪ್ರಕರಣದಲ್ಲಿಯೂ 1880ರ ಓಬ್ರಿಯನ್ ಪ್ರಕರಣದಲ್ಲಿಯೂ ಒಡೆದ ಗುಲ್ಮದ ಸಾವುಗಳನ್ನು ಇದೇ ತರ್ಕದ ಮೇಲೆ ಗಾಯಪಡಿಸಿದ ಅಪರಾಧಗಳ ಸಾಲಿನಲ್ಲೇ ಇಟ್ಟಿತು.

ಅಂದರೆ ಲೀಡ್ಸ್ ಆರಿಸಿಕೊಂಡ ಕಲಮು ತಪ್ಪಾಗಿರಲಿಲ್ಲ. ತಪ್ಪಿದ್ದು ಶಿಕ್ಷೆಯ ಪ್ರಮಾಣದಲ್ಲಿ. ಆ ಕಲಮಿನಡಿ ಒಂದು ವರ್ಷದವರೆಗೆ ಸೆರೆಮನೆಗೆ ಕಳಿಸಬಹುದಿತ್ತು. ಆಳನ್ನು ಹೊಡೆಯುವುದು ದೊರೆಗಳ ಹಕ್ಕು ಎಂಬಂತೆ ಅವನು ಮೂವತ್ತು ರೂಪಾಯಿಗೆ ಕೈತೊಳೆದುಕೊಂಡ. ಗುಲ್ಮದ ನೆಪ ಆಗಿನ ಬಿಳಿಯ ಆರೋಪಿಗಳಿಗೆ ಮತ್ತೆ ಮತ್ತೆ ಒದಗಿಬಂದದ್ದರಿಂದ, ನೆಪವೇ ನಿಜವೋ ಎಂದು ಜನ ಅನುಮಾನಪಟ್ಟದ್ದೂ ಸಹಜವೇ.

ಇಂಗ್ಲೆಂಡಿನ ನೆಲದಲ್ಲಿ ಇದೇ ಏಟು ಬಿದ್ದಿದ್ದರೆ ಕತೆ ಬೇರೆಯಾಗುತ್ತಿತ್ತು. ಕಾನೂನಿಗೆ ವಿರುದ್ಧವಾದ, ಯಾರಿಗಾದರೂ ಸ್ವಲ್ಪವಾದರೂ ಪೆಟ್ಟಾದೀತು ಎಂದು ಸಾಮಾನ್ಯ ಬುದ್ಧಿಯವರಿಗೂ ತೋರುವಂಥ ಕೃತ್ಯದಿಂದ ಸಾವಾದರೆ ಅಲ್ಲಿ ಅದು ಮ್ಯಾನ್‌ಸ್ಲಾಟರ್. ಸಾವನ್ನು ಊಹಿಸಿರಬೇಕಾಗಿಲ್ಲ. ಆದ್ದರಿಂದ ಅಲ್ಲಿ ತೆಳು ತಲೆಬುರುಡೆಯ ಸೂತ್ರಕ್ಕೆ ಹರಿತ ಹೆಚ್ಚು. ‘ಸಾವು ನಿನ್ನಿಂದಾಯಿತು’ ಎಂದು ತೀರ್ಮಾನವಾದರೆ ಹೊಡೆದವನು ಬಹುಮಟ್ಟಿಗೆ ಸಿಕ್ಕಿಬಿದ್ದಂತೆಯೇ. ನಮ್ಮ ಸಂಹಿತೆಯಲ್ಲಿ ಅಂಥ ಅಪರಾಧವೇ ಇಲ್ಲ. ಇಲ್ಲಿ ಈ ಸೂತ್ರ ಕೊಂದವರು ಯಾರು ಎಂಬುದನ್ನಷ್ಟೇ ಹೇಳುತ್ತದೆ. ಯಾವ ಅಪರಾಧ ಎಂಬುದನ್ನು ಮನಸ್ಸೇ ಹೇಳಬೇಕು.

ಈ ತರ್ಕ ಆರೋಪಿಯ ಪರವಾಗಿ ಕೆಲಸ ಮಾಡುವಷ್ಟೇ ಗಟ್ಟಿಯಾಗಿ ಅವನ ವಿರುದ್ಧವೂ ಕೆಲಸ ಮಾಡುತ್ತದೆ. ಕೊಲೆಯನ್ನು ವಿವರಿಸುವ ಕಲಮಿನಲ್ಲೇ, ಅಂದರೆ ಹಳೆಯ 300, ಈಗಿನ 101ರಲ್ಲಿ, ಒಂದು ಉದಾಹರಣೆಯಿದೆ. ಎದುರಿನವನಿಗೆ ಒಂದು ಏಟು ಬಿದ್ದರೂ ಸಾಯಬಹುದಾದಂಥ ರೋಗವಿದೆ ಎಂದು ತಿಳಿದೂ, ದೈಹಿಕ ಗಾಯ ಮಾಡುವ ಉದ್ದೇಶದಿಂದ ಒಬ್ಬ ಹೊಡೆಯುತ್ತಾನೆ. ಆತ ಸಾಯುತ್ತಾನೆ. ಇದು ಕೊಲೆ. ಆ ಏಟು ಆರೋಗ್ಯವಂತನನ್ನು ಕೊಲ್ಲುವಂಥದ್ದಲ್ಲದಿದ್ದರೂ ಕೊಲೆಯೇ. ರೋಗದ ವಿಷಯ ಗೊತ್ತಿಲ್ಲದೆ ಅದೇ ಏಟು ಹೊಡೆದಿದ್ದರೆ ಕೊಲೆಯಲ್ಲ.

ಇದನ್ನು ನಮ್ಮೂರಿನ ಮಟ್ಟಕ್ಕೆ ಇಳಿಸಿ, ಕಲ್ಪಿತ ಪ್ರಸಂಗವೊಂದನ್ನು ನೋಡೋಣ. ಹೊಲದ ಬದುವಿನ ಜಗಳ. ಅರವತ್ತರ ಹಿರಿಯನ ಎದೆಗೆ ಪಕ್ಕದ ಹೊಲಕ್ಕೆ ಹೊಸದಾಗಿ ಬಂದ ಗುತ್ತಿಗೆದಾರ ಕೈಯಿಂದ ಜೋರಾಗಿ ಗುದ್ದುತ್ತಾನೆ. ಹಿರಿಯ ಕುಸಿದು ಆಸ್ಪತ್ರೆಯ ದಾರಿಯಲ್ಲಿ ಸಾಯುತ್ತಾನೆ. ಹೃದಯದ ರಕ್ತನಾಳಗಳು ಮೊದಲೇ ಕಟ್ಟಿದ್ದವು ಎಂದು ಶವಪರೀಕ್ಷೆ ಹೇಳುತ್ತದೆ. ಗುದ್ದಿನ ಆಘಾತದಿಂದಲೇ ಸಾವು ಬಂತೆಂದು ಸಾಬೀತಾದರೂ ಗುತ್ತಿಗೆದಾರನಿಗೆ ರೋಗದ ಸುಳಿವಿರಲಿಲ್ಲ. ಅವನ ಅಪರಾಧ ಬಹುಶಃ 115(2)ರ ಸ್ವಇಚ್ಛೆಯ ಗಾಯಕ್ಕೆ ನಿಲ್ಲುತ್ತದೆ. ಒಂದು ವರ್ಷದವರೆಗೆ ಸಜೆ, ಇಲ್ಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈಗ ಗುದ್ದಿದವನು ಸ್ವಂತ ತಮ್ಮ ಎಂದಿಟ್ಟುಕೊಳ್ಳಿ. ಮೂರು ತಿಂಗಳ ಹಿಂದೆ ಅಣ್ಣನನ್ನು ಹೃದಯದ ಆಪರೇಷನ್‌ಗೆ ಸೇರಿಸಿದವನು ಅವನೇ. ಸಣ್ಣ ಪೆಟ್ಟು ಬಿದ್ದರೂ ಜೀವಕ್ಕೆ ಅಪಾಯವೆಂದು ವೈದ್ಯರು ಹೇಳಿದ್ದನ್ನು ಕೇಳಿಸಿಕೊಂಡವನೂ ಅವನೇ. ಗುದ್ದು ಅದೇ, ಸಾವು ಅದೇ. ಆದರೆ ತಮ್ಮನ ಮೇಲೆ ಕೊಲೆಯ ಕಲಮು ಬೀಳಬಹುದು, ಶಿಕ್ಷೆ ಜೀವಾವಧಿಯವರೆಗೂ ಅದಕ್ಕೂ ಮೇಲಕ್ಕೂ ಹೋಗಬಹುದು. ಇಬ್ಬರ ನಡುವಿನ ಅಂತರ ತೋಳಿನ ಬಲದಲ್ಲಿಲ್ಲ, ತಿಳಿವಳಿಕೆಯಲ್ಲಿದೆ.

ಆಸ್ಪತ್ರೆಯವರು ಸರಿಯಾಗಿ ನೋಡಲಿಲ್ಲ

ಆರೋಪಿಗಳ ಬಾಯಲ್ಲಿ ಬರುವ ಇನ್ನೊಂದು ಮಾತು ಇದು. ಚೂರಿ ಹಾಕಿದ್ದು ನಿಜ, ಆದರೆ ಡಾಕ್ಟರು ಸರಿಯಾಗಿ ನೋಡಿದ್ದರೆ ಬದುಕುತ್ತಿದ್ದ. ಏಟಿಗೂ ಸಾವಿಗೂ ನಡುವೆ ಬೇರೊಬ್ಬರ ಕೈ ಬಂತು, ಆದ್ದರಿಂದ ಸಾವಿನ ಸರಪಳಿ ಅಲ್ಲೇ ಕಡಿಯಿತು ಎಂಬುದು ಈ ವಾದದ ತಿರುಳು. ನಮ್ಮ ಸಂಹಿತೆಯ ಎರಡನೆಯ ವಿವರಣೆ ಇದಕ್ಕೆ ನೇರ ಉತ್ತರ ಕೊಡುತ್ತದೆ. ಗಾಯದಿಂದ ಸಾವಾಗಿದ್ದರೆ, ಸರಿಯಾದ ಔಷಧ ಮತ್ತು ನುರಿತ ಚಿಕಿತ್ಸೆಯಿಂದ ಆ ಸಾವನ್ನು ತಪ್ಪಿಸಬಹುದಾಗಿತ್ತು ಎನ್ನುವ ಕಾರಣಕ್ಕೆ ಗಾಯ ಮಾಡಿದವನು ಪಾರಾಗುವುದಿಲ್ಲ.

ಈ ಮಾತಿನ ಎಲ್ಲೆ ಎಲ್ಲಿಯವರೆಗೆ ಎಂದು ತಿಳಿಯಲು ಇಂಗ್ಲೆಂಡಿನ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಅವುಗಳ ನಡುವೆ ಮೂರೇ ವರ್ಷದ ಅಂತರ.

ಮೊದಲನೆಯದು 1956ರ ಜಾರ್ಡನ್ ಪ್ರಕರಣ. ಹಲ್ ಊರಿನ ಕೆಫೆಯಲ್ಲಿ ನಡೆದ ಜಗಳದಲ್ಲಿ ಒಬ್ಬನ ಹೊಟ್ಟೆಗೆ ಇರಿತವಾಯಿತು. ಆಸ್ಪತ್ರೆಯಲ್ಲಿ ಗಾಯ ಹೊಲಿದರು. ಎಂಟು ದಿನಗಳ ನಂತರ ಅವನು ಸತ್ತ, ಇರಿದವನಿಗೆ ಕೊಲೆಯ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಹೊಸ ವೈದ್ಯಕೀಯ ಸಾಕ್ಷ್ಯ ಬಂತು. ಸಾಯುವ ಹೊತ್ತಿಗೆ ಇರಿತದ ಗಾಯ ಬಹುಮಟ್ಟಿಗೆ ಮಾಗಿತ್ತು. ಸೋಂಕು ತಡೆಯಲೆಂದು ಟೆರಾಮೈಸಿನ್ ಕೊಟ್ಟಿದ್ದರು. ಅದು ಅವನ ಮೈಗೆ ಒಗ್ಗದೆ ಭೇದಿ ಶುರುವಾದಾಗ ನಿಲ್ಲಿಸಿದ್ದರು. ಮರುದಿನ ಬೇರೊಬ್ಬ ವೈದ್ಯ ಅದನ್ನೇ ಮತ್ತೆ ಕೊಡಲು ಬರೆದ. ಇದರ ಜೊತೆಗೆ ನಾಳದ ಮೂಲಕ ವಿಪರೀತ ದ್ರವ ಏರಿಸಿದ್ದರಿಂದ ಶ್ವಾಸಕೋಶಕ್ಕೆ ನೀರು ತುಂಬಿ ನ್ಯುಮೋನಿಯಾ ಆಗಿ ಅವನು ಸತ್ತ. ಒಗ್ಗದೆಂದು ತಿಳಿದ ಮೇಲೂ ಅದೇ ಔಷಧ ಕೊಟ್ಟದ್ದು ಕಣ್ಣಿಗೆ ರಾಚುವ ತಪ್ಪು ಎಂದ ನ್ಯಾಯಾಲಯ ಕೊಲೆಯ ತೀರ್ಪನ್ನು ರದ್ದು ಮಾಡಿತು.

ಎರಡನೆಯದು 1959ರ ಸ್ಮಿತ್ ಪ್ರಕರಣ. ಜರ್ಮನಿಯಲ್ಲಿದ್ದ ಬ್ರಿಟಿಷ್ ಸೇನೆಯ ಬ್ಯಾರಕ್‌ನಲ್ಲಿ ಎರಡು ತುಕಡಿಗಳ ಸೈನಿಕರು ಹೊಡೆದಾಡಿಕೊಂಡರು. ಬಯೊನೆಟ್ಟಿನ ಇರಿತ ಒಬ್ಬನ ಬೆನ್ನಿನಿಂದ ಶ್ವಾಸಕೋಶ ತಲುಪಿತ್ತು. ಹೊತ್ತು ಒಯ್ಯುವಾಗ ಜೊತೆಗಾರ ಎಡವಿ ಅವನನ್ನು ಎರಡು ಬಾರಿ ಕೆಳಗೆ ಬೀಳಿಸಿದ. ಚಿಕಿತ್ಸಾ ಕೇಂದ್ರದಲ್ಲಿ ವೈದ್ಯಾಧಿಕಾರಿಗೆ ಬಿಡುವಿಲ್ಲದಷ್ಟು ಗಾಯಾಳುಗಳು. ಶ್ವಾಸಕೋಶಕ್ಕೆ ತೂತಾಗಿದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಕೃತಕ ಉಸಿರಾಟಕ್ಕೆಂದು ಎದೆ ಅದುಮಿದ್ದು ಇನ್ನಷ್ಟು ಹಾನಿ ಮಾಡಿತು. ಸುಮಾರು ಎರಡು ಗಂಟೆಯಲ್ಲಿ ಸೈನಿಕ ಸತ್ತ. ಸರಿಯಾದ ಚಿಕಿತ್ಸೆ ಸಿಕ್ಕಿದ್ದರೆ ಬದುಕುವ ಸಂಭವ ನೂರಕ್ಕೆ 75ರಷ್ಟು ಇತ್ತು ಎಂಬ ಸಾಕ್ಷ್ಯವೂ ಬಂತು. ಆದರೂ ಕೊಲೆಯ ತೀರ್ಪು ನಿಂತಿತು.

ಎರಡರಲ್ಲೂ ಚಿಕಿತ್ಸೆ ಕೆಟ್ಟದ್ದೇ. ತೀರ್ಪು ಮಾತ್ರ ಬೇರೆಯಾದದ್ದು ಏಕೆಂದರೆ ಸಾಯುವ ಗಳಿಗೆಯಲ್ಲಿ ಆ ಗಾಯ ಏನು ಮಾಡುತ್ತಿತ್ತು ಎಂಬುದು ಬೇರೆಯಾಗಿತ್ತು. ಸೈನಿಕ ಸತ್ತದ್ದು ಬಯೊನೆಟ್ ಮಾಡಿದ ತೂತಿನಿಂದ ಸೋರಿದ ರಕ್ತದಿಂದಲೇ, ಚಿಕಿತ್ಸೆಯ ತಪ್ಪು ಅದರ ಮೇಲೆ ಸೇರಿಕೊಂಡಿತಷ್ಟೆ. ಹಲ್‌ನ ರೋಗಿಯ ಗಾಯ ತನ್ನ ಕೆಲಸ ನಿಲ್ಲಿಸಿ ಹಿನ್ನೆಲೆಗೆ ಸರಿದಿತ್ತು. ಅವನು ಆಸ್ಪತ್ರೆಯಲ್ಲಿರಲು ಇರಿತ ಕಾರಣ, ಅವನು ಸಾಯಲು ಅಲ್ಲ. ಜಾರ್ಡನ್ ತೀರ್ಪು ತೀರ ಅಪರೂಪದ್ದೆಂದು ಆಮೇಲಿನ ಇಂಗ್ಲಿಷ್ ನ್ಯಾಯಾಲಯಗಳೇ ಹೇಳುತ್ತ ಬಂದಿವೆ.

ನಮ್ಮ ಎರಡನೆಯ ವಿವರಣೆಯಲ್ಲೂ ‘ಗಾಯದಿಂದ ಸಾವಾಗಿದ್ದರೆ’ ಎಂಬ ಷರತ್ತು ಮೊದಲಿಗಿದೆ. ಆ ಷರತ್ತು ಪೂರೈಸಿದ ಮೇಲಷ್ಟೇ ಅದು ಆರೋಪಿಯ ವಿರುದ್ಧ ಬಳಕೆಗೆ ಬರುತ್ತದೆ. ಛತ್ತೀಸಗಢದ ಜಮೀನು ಜಗಳವೊಂದರಲ್ಲಿ ತಲೆಗೆ ಕೊಡಲಿಯೇಟು ಬಿದ್ದವನು ಸುಮಾರು ಇಪ್ಪತ್ತು ದಿನ ಚಿಕಿತ್ಸೆ ಪಡೆದು ಸತ್ತ. ಇಷ್ಟು ದಿನ ಕಳೆದ ಮೇಲಿನ ಸಾವಿಗೆ ಕೊಲೆಯ ಆರೋಪ ಸಲ್ಲದು ಎಂಬ ವಾದವನ್ನು 2023ರ ಪ್ರಸಾದ್ ಪ್ರಧಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ದಿನ ಎಷ್ಟು ಕಳೆಯಿತು ಎಂಬುದೊಂದರಿಂದಲೇ ಹೊಣೆ ಕರಗುವುದಿಲ್ಲ. ಆ ದಿನಗಳುದ್ದಕ್ಕೂ ಸಾವನ್ನು ಎಳೆದು ತಂದದ್ದು ಗಾಯವೇ ಎಂದು ವೈದ್ಯಕೀಯ ಸಾಕ್ಷ್ಯ ಹೇಳಿದರೆ ಸಾಕು.

ಸತ್ತವರೇ ತೆಗೆದುಕೊಂಡ ನಿರ್ಧಾರ

ನಡುವೆ ಬಂದದ್ದು ವೈದ್ಯರ ಕೈಯಲ್ಲ, ಸತ್ತವರದೇ ಆಯ್ಕೆ ಎಂದಾದರೆ? 1974ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಬ್ಲೌ ಎಂಬವನು ಹದಿನೆಂಟರ ಹುಡುಗಿಯೊಬ್ಬಳ ಮನೆಗೆ ನುಗ್ಗಿ ಲೈಂಗಿಕ ಸಂಬಂಧಕ್ಕೆ ಕೇಳಿದ. ಅವಳು ಒಪ್ಪದಿದ್ದಾಗ ನಾಲ್ಕು ಬಾರಿ ಚೂರಿಯಿಂದ ಇರಿದ. ಒಂದು ಇರಿತ ಶ್ವಾಸಕೋಶವನ್ನು ಸೀಳಿತ್ತು. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ರಕ್ತ ಕೊಡಬೇಕೆಂದರು. ಅವಳು ಯೆಹೋವನ ಸಾಕ್ಷಿಗಳ ಪಂಥದವಳು. ರಕ್ತ ಪಡೆಯುವುದು ತನ್ನ ನಂಬಿಕೆಗೆ ವಿರುದ್ಧ ಎಂದಳು. ತೆಗೆದುಕೊಳ್ಳದಿದ್ದರೆ ಸಾಯುತ್ತೀಯ ಎಂದು ವೈದ್ಯರು ಹೇಳಿದ ಮೇಲೂ ಒಪ್ಪಲಿಲ್ಲ, ಹಾಗೆಂದು ಬರೆದು ಸಹಿಯನ್ನೂ ಹಾಕಿದಳು. ಮಧ್ಯರಾತ್ರಿ ಕಳೆದು ಮುಕ್ಕಾಲು ಗಂಟೆಗೆ ಸತ್ತಳು. ರಕ್ತ ಪಡೆದಿದ್ದರೆ ಬದುಕುತ್ತಿದ್ದಳು ಎಂಬುದನ್ನು ಪ್ರಾಸಿಕ್ಯೂಷನ್ನೇ ಒಪ್ಪಿಕೊಂಡಿತ್ತು.

ಅವಳ ನಿರಾಕರಣೆ ವಿವೇಕದ್ದಲ್ಲ, ಆದ್ದರಿಂದ ಸಾವಿನ ಹೊಣೆ ನನ್ನದಲ್ಲ ಎಂದು ಬ್ಲೌ ವಾದಿಸಿದ. 1975ರಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಮೂರ್ತಿ ಲಾಟನ್ ಇದನ್ನು ತಳ್ಳಿಹಾಕಿದರು. ಹಿಂಸೆಗಿಳಿದವರು ಎದುರಿನವರನ್ನು ಇದ್ದ ಹಾಗೆಯೇ ಸ್ವೀಕರಿಸಬೇಕು. ಹಾಗೆಂದರೆ ಮೈಯೊಂದನ್ನೇ ಅಲ್ಲ, ನಂಬಿಕೆಗಳ ಸಮೇತ ಇಡೀ ಮನುಷ್ಯನನ್ನು. ಯಾರ ನಂಬಿಕೆ ವಿವೇಕದ್ದು, ಯಾರದು ಅಲ್ಲ ಎಂದು ಚೂರಿ ಹಾಕಿದವನು ತೀರ್ಮಾನಿಸುವಂತಿಲ್ಲ. ಅವಳನ್ನು ಕೊಂದದ್ದು ಶ್ವಾಸಕೋಶದ ಗಾಯದಿಂದ ಸೋರಿದ ರಕ್ತ, ಆ ಗಾಯ ಮಾಡಿದವನು ಬ್ಲೌ. ಮಾನಸಿಕ ಸ್ಥಿತಿಯ ಕಾರಣಕ್ಕೆ ವಿಚಾರಣಾ ನ್ಯಾಯಾಲಯ ಅವನ ಅಪರಾಧವನ್ನು ಮೊದಲೇ ಮ್ಯಾನ್‌ಸ್ಲಾಟರ್‌ಗೆ ಇಳಿಸಿತ್ತು. ಆ ತೀರ್ಪೂ ಜೀವಾವಧಿ ಶಿಕ್ಷೆಯೂ ಹಾಗೇ ಉಳಿದವು.

ನಮ್ಮ ಕಾಯ್ದೆಯಡಿಯೂ ಇಂಥದ್ದು ಎರಡನೆಯ ವಿವರಣೆಯೊಳಗೇ ಬೀಳುತ್ತದೆ ಎನ್ನಬಹುದು. ಚಿಕಿತ್ಸೆಯಿಂದ ತಪ್ಪಿಸಬಹುದಿತ್ತು ಎಂಬ ವಾದವನ್ನೇ ಅದು ಮುಚ್ಚುತ್ತದೆ. ಆ ಚಿಕಿತ್ಸೆ ಏಕೆ ಆಗಲಿಲ್ಲ ಎಂದು ಅದು ಕೇಳುವುದಿಲ್ಲ.

ಆದರೆ ಸತ್ತವರ ಆಯ್ಕೆ ಯಾವಾಗಲೂ ಆರೋಪಿಯ ಲೆಕ್ಕಕ್ಕೇ ಹೋಗುತ್ತದೆ ಎಂದೇನೂ ಅಲ್ಲ. 1979ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪಂಜಾಬಿನ ಜೋಗಿಂದರ್ ಸಿಂಗ್ ಪ್ರಕರಣದಲ್ಲಿ, ಆರೋಪಿಗಳು ಅಟ್ಟಿಸಿಕೊಂಡು ಬರುತ್ತಿದ್ದಾಗ ಒಬ್ಬ ಬಾವಿಗೆ ಹಾರಿದ. ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿ, ಉಸಿರುಗಟ್ಟಿ ಸತ್ತ. ಹಾರುವಾಗ ಅವರು ಹದಿನೈದಿಪ್ಪತ್ತು ಅಡಿ ಹಿಂದಿದ್ದರು. ಬಾವಿಗೆ ಹಾರುವುದನ್ನು ಬಿಟ್ಟು ಬೇರೆ ದಾರಿಯೇ ಇಲ್ಲದಂತೆ ಅವರು ಅವನನ್ನು ಅಟ್ಟಿದ್ದರು ಎಂದು ಸಾಬೀತಾಗಲಿಲ್ಲ. ಈ ಸಾವಿನ ಹೊಣೆ ಅವರ ಮೇಲೆ ಬರಲಿಲ್ಲ. ಈ ಎರಡನ್ನೂ ಜೊತೆಗಿಟ್ಟರೆ ಗೆರೆ ಕಾಣುತ್ತದೆ. ಹುಡುಗಿ ಸಾವಿನ ಹೊಸ ಕಾರಣವೊಂದನ್ನು ತರಲಿಲ್ಲ, ಆಗಲೇ ಆಗಿದ್ದ ಗಾಯವನ್ನು ತಡೆಯಲು ನಿರಾಕರಿಸಿದಳು. ಬಾವಿಗೆ ಹಾರಿದವನ ಸಾವಿನ ಕಾರಣ ಆ ಹಾರಿಕೆಯೇ. ಅದನ್ನು ಆರೋಪಿಗಳ ತಲೆಗೆ ಕಟ್ಟಬೇಕಾದರೆ, ಹಾರುವುದು ಬಿಟ್ಟು ಅವನಿಗೆ ಬೇರೇನೂ ಉಳಿದಿರಲಿಲ್ಲ ಎಂದು ತೋರಿಸಬೇಕು.

ಕಾಗದದಲ್ಲಿ ಕಡಿಯುವ ಸರಪಳಿ

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಪ್ರಕರಣಗಳು ಬೀಳುವುದು ಹೆಚ್ಚಾಗಿ ಪುರಾವೆಯಲ್ಲಿ. ಉತ್ತರ ಪ್ರದೇಶದ ಮೋತಿ ಸಿಂಗ್ ಪ್ರಕರಣ ಇದಕ್ಕೆ ಒಳ್ಳೆಯ ಪಾಠ. 1960ರ ಫೆಬ್ರವರಿ 9ರಂದು ನಡೆದ ದಾಳಿಯಲ್ಲಿ ಒಬ್ಬನಿಗೆ ಗುಂಡೇಟು ಬಿತ್ತು. ಗಾಯಗಳು ಜೀವಕ್ಕೆ ಅಪಾಯ ತರುವಂಥವು ಎಂದು ವೈದ್ಯರು ಹೇಳಿದ್ದರು. ಅವನನ್ನು ಆಸ್ಪತ್ರೆಗೆ ಸೇರಿಸಿದರು, ಹೇಳಿಕೆಯನ್ನೂ ಬರೆದುಕೊಂಡರು. ಮಾರ್ಚ್ 1ರಂದು ಅವನು ಸತ್ತ. ಆದರೆ ಆ ಹೊತ್ತಿಗೆ ಅವನು ಆಸ್ಪತ್ರೆಯಿಂದ ಹೊರಗೆ ಬಂದಾಗಿತ್ತು. ಶವಪರೀಕ್ಷೆ ಇಲ್ಲದೆ ಸುಟ್ಟುಬಿಟ್ಟರು. ಮೂರು ವಾರಗಳ ನಂತರ ಅವನು ಏತರಿಂದ ಸತ್ತ ಎಂದು ಹೇಳುವ ಸಾಕ್ಷ್ಯವೇ ಉಳಿಯಲಿಲ್ಲ.

ಗಾಯ ಅಪಾಯಕಾರಿಯಾಗಿತ್ತು, ಆಮೇಲೆ ಮನುಷ್ಯ ಸತ್ತ, ಆದ್ದರಿಂದ ಗಾಯದಿಂದಲೇ ಸತ್ತ ಎಂದು ಜೋಡಿಸಲಾಗದು ಎಂದಿತು ಸುಪ್ರೀಂ ಕೋರ್ಟ್. ಪೆಟ್ಟು ಇನ್ನೂ ದೊಡ್ಡದಿತ್ತು. ಮರಣಪೂರ್ವ ಹೇಳಿಕೆ ಸಾಕ್ಷ್ಯವಾಗಬೇಕಾದರೆ ಹೇಳಿದವನ ಸಾವಿಗೆ ಕಾರಣವಾದ ಘಟನೆಯ ಬಗ್ಗೆ ಅದು ಇರಬೇಕು. ಸಾವಿನ ಕಾರಣವೇ ಸಾಬೀತಾಗದ ಮೇಲೆ ಆ ಹೇಳಿಕೆಯೂ ಸಾಕ್ಷ್ಯದಿಂದ ಬಿದ್ದುಹೋಯಿತು. ಅದನ್ನೇ ನೆಚ್ಚಿಕೊಂಡಿದ್ದ ಶಿಕ್ಷೆಯೂ ನಿಲ್ಲಲಿಲ್ಲ.

ಗಾಯಾಳುವನ್ನು ವೈದ್ಯರ ಮಾತು ಮೀರಿ ಮನೆಗೆ ಕರೆತಂದು, ಅಲ್ಲಿ ಸತ್ತಾಗ ‘ಹೆಣ ಕೊಯ್ಯಿಸುವುದು ಬೇಡ’ ಎಂದು ಮಣ್ಣು ಮಾಡುವ ಮನೆಗಳು ನಮ್ಮಲ್ಲೂ ಇವೆ. ದುಃಖದಲ್ಲಿ ಅದು ಸಹಜ. ಆದರೆ ಅದರ ಲಾಭ ಸಿಗುವುದು ಹೊಡೆದವನಿಗೆ. ಗಾಯಾಳು ಸತ್ತ ಸುದ್ದಿಯನ್ನು ಠಾಣೆಗೆ ತಿಳಿಸಿದರೆ ಪೊಲೀಸರು ಶವ ಪಂಚನಾಮೆ ಮಾಡಿ, ಮರಣೋತ್ತರ ಪರೀಕ್ಷೆಗೆ ಕಳಿಸಿ, ನ್ಯಾಯಾಲಯಕ್ಕೆ ಬರೆದು ಕಲಮು ಬದಲಿಸುತ್ತಾರೆ. ಆಮೇಲೆ ತೂಗುವುದು ವೈದ್ಯರ ಅಭಿಪ್ರಾಯದ ಪದಗಳು. ವರದಿಯಲ್ಲಿ ‘ಹೃದಯ ಮತ್ತು ಉಸಿರಾಟ ನಿಂತು ಸಾವು’ ಎಂದಷ್ಟೇ ಇದ್ದರೆ ಅದರಿಂದ ಏನೂ ತಿಳಿಯದು, ಸಾಯುವ ಎಲ್ಲರಿಗೂ ಕೊನೆಗೆ ಅವೆರಡೂ ನಿಲ್ಲುತ್ತವೆ. ಅವು ಏತರಿಂದ ನಿಂತವು ಎಂಬುದು ಬೇಕು. ಸಾಕ್ಷಿಕಟ್ಟೆಗೆ ಬಂದ ವೈದ್ಯರನ್ನು ಸರ್ಕಾರಿ ವಕೀಲರು ಎರಡು ಪ್ರಶ್ನೆ ಕೇಳಲೇಬೇಕು. ಈ ಗಾಯಕ್ಕೂ ಸಾವಿಗೂ ನೇರ ಸಂಬಂಧವಿದೆಯೇ? ಸಹಜ ಕ್ರಮದಲ್ಲಿ ಸಾವು ತರಲು ಈ ಗಾಯ ಸಾಕಾಗಿತ್ತೇ? ಮೊದಲನೆಯ ಉತ್ತರ ಹೊಣೆಯನ್ನು ನಿರ್ಧರಿಸುತ್ತದೆ, ಎರಡನೆಯದು ಅಪರಾಧದ ತೂಕಕ್ಕೆ ದಾರಿ ತೋರಿಸುತ್ತದೆ.

ರೋಗಿಯ ಸಾವಿನ ಪ್ರಕರಣದಲ್ಲಿ ಇವೆರಡರ ಮೇಲೆ ಮೂರನೆಯದೊಂದು ಇರುತ್ತದೆ, ಅದಕ್ಕೆ ಯಾವ ವೈದ್ಯನೂ ಉತ್ತರ ಹೇಳಲಾರ. ಆರೋಪಿಗೆ ರೋಗ ಗೊತ್ತಿತ್ತೇ? ಹೀಗೆ ಗೊತ್ತಿತ್ತು ಎಂದು ಯಾರೂ ಒಪ್ಪಿಕೊಳ್ಳುವುದಿಲ್ಲ, ಸುತ್ತಲಿನ ಸಂಗತಿಗಳಿಂದಲೇ ಊಹಿಸಬೇಕು. ಒಂದೇ ಸೂರಿನಡಿ ಬದುಕುತ್ತಿದ್ದರೇ, ಆಸ್ಪತ್ರೆಗೆ ಜೊತೆಗೆ ಹೋಗಿದ್ದರೇ, ಎದೆಯ ಮೇಲಿನ ಹೊಲಿಗೆಯ ಗುರುತು ಕಾಣುತ್ತಿತ್ತೇ, ಕೋಲೂರಿಕೊಂಡು ನಡೆಯುವ ಎಂಬತ್ತರ ಮುದುಕನೇ? ತುಂಬ ವಯಸ್ಸಾದವರ ಮೇಲೋ ಹಸುಗೂಸಿನ ಮೇಲೋ ಕೈಮಾಡಿದವನು ‘ಇವರು ಇಷ್ಟು ದುರ್ಬಲರೆಂದು ಗೊತ್ತಿರಲಿಲ್ಲ’ ಎಂದರೆ ನಂಬುವುದು ಕಷ್ಟ, ಅಲ್ಲಿ ದೌರ್ಬಲ್ಯ ಕಣ್ಣೆದುರಿಗೇ ಇರುತ್ತದೆ. ನಡುವಯಸ್ಸಿನವನ ಒಳಗಿನ ಕಟ್ಟಿದ ರಕ್ತನಾಳವೋ ಊದಿದ ಗುಲ್ಮವೋ ಹಾಗಲ್ಲ. ಒಂದೇ ಥರದ ಎರಡು ಸಾವುಗಳಲ್ಲಿ ಒಬ್ಬನಿಗೆ ಒಂದು ವರ್ಷ, ಇನ್ನೊಬ್ಬನಿಗೆ ಜೀವಾವಧಿ ಎಂಬ ತೀರ್ಪುಗಳನ್ನು ಪತ್ರಿಕೆಯಲ್ಲಿ ಓದಿ ಸಿಟ್ಟು ಬಂದಾಗ, ತೀರ್ಪಿನಲ್ಲಿ ಮೊದಲು ಹುಡುಕಬೇಕಾದದ್ದು ಈ ಅರಿವಿನ ಬಗ್ಗೆ ಸಾಕ್ಷಿಗಳು ಏನು ಹೇಳಿದರು ಎಂಬುದನ್ನು.